f ಇದ್ದ ಜಾಗದಲ್ಲಿ b ಓದಿದರೆ: ಘನೀಕರಣ ಬಿಂದುವಿನಿಂದ ಅಣುವಿನ ತೂಕ

ರಾತ್ರಿ ಒಂಬತ್ತೂವರೆಗೆ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ಎರಡನೇ ಪಿಯು ಓದುತ್ತಿದ್ದಾಳೆ. ಜೆರಾಕ್ಸ್ ಮಾಡಿದ ಪ್ರಶ್ನೆ ಹಾಳೆ, ಅದರ ಮೇಲೆ ಟ್ಯೂಬ್‌ಲೈಟಿನ ಹೊಳಪು, ಬಲಗಡೆ ಅವಳದೇ ಕೈಯ ನೆರಳು. ಕೆಳಗೆ ಒಂದು ಸಾಲು: "ಮಾಮ, ಸೂತ್ರ ಸರಿ ಇದೆ, ಲೆಕ್ಕಾನೂ ಸರಿ ಇದೆ. ಆದ್ರೆ ಹಿಂದೆ ಉತ್ತರ ಬೇರೆ ಕೊಟ್ಟಿದ್ದಾರೆ."

ಇಂಗ್ಲಿಷಿನಲ್ಲಿದ್ದ ಆ ಲೆಕ್ಕದ ತಿರುಳು ಇಷ್ಟು. ಒಂದು ಹೈಡ್ರೋಕಾರ್ಬನ್‌ನಲ್ಲಿ ಕಾರ್ಬನ್ ಶೇ. 93.75, ಹೈಡ್ರೋಜನ್ ಶೇ. 6.25. ಅದರ 1.60 ಗ್ರಾಂ ಅನ್ನು 50.0 ಗ್ರಾಂ ಬೆಂಜೀನ್‌ನಲ್ಲಿ ಕರಗಿಸಿದಾಗ ದ್ರಾವಣ 4.22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಲು ಶುರುವಾಯಿತು. ಶುದ್ಧ ಬೆಂಜೀನ್ ಹೆಪ್ಪುಗಟ್ಟುವುದು 5.50 ಡಿಗ್ರಿಯಲ್ಲಿ. ದ್ರಾವ್ಯದ ಮೋಲಾರ್ ರಾಶಿ ಎಷ್ಟು, ಅಣುಸೂತ್ರ ಏನು? ಕೊನೆಯಲ್ಲಿ ಎರಡು ಸ್ಥಿರಾಂಕಗಳು: ಒಂದು 2.53, ಇನ್ನೊಂದು 5.12. ಎರಡಕ್ಕೂ ಮುಂದೆ K ಇದೆ. K ಪಕ್ಕದ ಚಿಕ್ಕ ಅಕ್ಷರ ಮಾತ್ರ ಎರಡರಲ್ಲೂ ಒಂದು ಕಪ್ಪು ಚುಕ್ಕೆಯ ಹಾಗೆ ಕಾಣುತ್ತಿತ್ತು. f ಇದ್ದರೆ ಹೆಪ್ಪುಗಟ್ಟುವುದರ ಸ್ಥಿರಾಂಕ, b ಇದ್ದರೆ ಕುದಿಯುವುದರದ್ದು. f ಯಾವುದು, b ಯಾವುದು ಅಂತ ಎಷ್ಟು ಹಿಗ್ಗಿಸಿ ನೋಡಿದರೂ ಗೊತ್ತಾಗಲಿಲ್ಲ.

ಹಾಳೆಯಲ್ಲಿ ಮೊದಲು ಕೊಟ್ಟಿದ್ದ 2.53 ಅನ್ನು ಅವಳು ತೆಗೆದುಕೊಂಡಿದ್ದಳು. ಉತ್ತರ 63.25 ಬಂತು. ಶೇಕಡಾ ಲೆಕ್ಕದಿಂದ ಸರಳ ಸೂತ್ರ C₅H₄, ಅದರ ತೂಕ 64. ಅರೆ, ಹೊಂದಿಕೆಯಾಯಿತಲ್ಲ ಅಂತ ಅಣುಸೂತ್ರವೂ C₅H₄ ಎಂದೇ ಬರೆದುಬಿಟ್ಟಳು. ಹಾಳೆಯ ಹಿಂದೆ ಕೊಟ್ಟಿದ್ದ ಉತ್ತರ C₁₀H₈.

ಎಡವಟ್ಟಾದ ಲೆಕ್ಕ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ತನ್ನನ್ನು ತಾನೇ ಬಿಟ್ಟುಕೊಡುತ್ತದೆ. ಇದು ಹಾಗಲ್ಲ. ತಪ್ಪು ಸಂಖ್ಯೆ ಹಾಕಿದರೂ ಎಲ್ಲವೂ ಸರಿಯಾಗಿ ಕೂಡಿಕೊಂಡಂತೆ ಕಾಣುತ್ತದೆ. ಅದಕ್ಕೇ ಈ ಲೆಕ್ಕವನ್ನು ಬುಡದಿಂದ ಬಿಡಿಸೋಣ ಅನ್ನಿಸಿತು.

ಮೊದಲು ಪಾತ್ರೆಯೊಳಗೆ ಏನಾಗುತ್ತಿದೆ ನೋಡೋಣ. ಶುದ್ಧ ಬೆಂಜೀನ್ 5.50 ಡಿಗ್ರಿಗೆ ಬಂದಾಗ ಘನ ಮತ್ತು ದ್ರವ ಎರಡೂ ಒಟ್ಟಿಗೆ ಇರುತ್ತವೆ. ಹರಳಿನಿಂದ ಅಣುಗಳು ಕಳಚಿಕೊಂಡು ದ್ರವಕ್ಕೆ ಹೋಗುತ್ತಿರುತ್ತವೆ, ದ್ರವದಿಂದ ಅಣುಗಳು ಬಂದು ಹರಳಿಗೆ ಅಂಟಿಕೊಳ್ಳುತ್ತಿರುತ್ತವೆ. ಹೋಗುವುದೂ ಬರುವುದೂ ಸಮ. ಈಗ ದ್ರವಕ್ಕೆ ಬೇರೆ ಏನನ್ನೋ ಕರಗಿಸಿ. ಹರಳಿನ ಕಡೆ ಏನೂ ಬದಲಾಗಲಿಲ್ಲ, ಯಾಕೆಂದರೆ ಹೆಪ್ಪುಗಟ್ಟುವಾಗ ಬೆಂಜೀನ್ ಮಾತ್ರ ಹರಳಾಗುತ್ತದೆ, ಕರಗಿಸಿದ ವಸ್ತು ದ್ರವದಲ್ಲೇ ಉಳಿಯುತ್ತದೆ. ಆದರೆ ದ್ರವದ ಕಡೆ ಬೆಂಜೀನ್ ಅಣುಗಳ ಪಾಲು ಕಡಿಮೆಯಾಯಿತು. ಹರಳಿಗೆ ಬಂದು ಸೇರುವವರ ಸಂಖ್ಯೆ ಇಳಿಯಿತು, ಬಿಟ್ಟು ಹೋಗುವವರ ಸಂಖ್ಯೆ ಹಾಗೇ ಇದೆ. ಅಂದರೆ ಅದೇ 5.50 ಡಿಗ್ರಿಯಲ್ಲಿ ಈಗ ಹರಳು ಕರಗಿ ಹೋಗುತ್ತದೆ. ಮತ್ತೆ ಸಮ ಆಗಬೇಕಾದರೆ ಇನ್ನಷ್ಟು ತಣ್ಣಗೆ ಮಾಡಬೇಕು. ಇಷ್ಟೇ ಘನೀಕರಣ ಬಿಂದುವಿನ ಇಳಿಕೆ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಬೆಂಜೀನ್‌ಗೆ ಅಡ್ಡ ಬಂದವರು ಯಾರು ಅನ್ನುವುದು ಮುಖ್ಯವಲ್ಲ, ಎಷ್ಟು ಜನ ಅನ್ನುವುದೇ ಮುಖ್ಯ. ತೆಳು ದ್ರಾವಣದಲ್ಲಿ ದಪ್ಪ ಅಣುವಾದರೂ ಸಣ್ಣ ಅಣುವಾದರೂ ತಲೆಗೆ ಒಂದೇ ಲೆಕ್ಕ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಫ್ರಾಂಸ್ವಾ ಮಾರಿ ರೌಲ್ 1880ರ ದಶಕದಲ್ಲಿ ಬಗೆಬಗೆಯ ವಸ್ತುಗಳನ್ನು ಕರಗಿಸಿ, ಹೆಪ್ಪುಗಟ್ಟಿಸಿ ಕಂಡುಕೊಂಡದ್ದು ಇದನ್ನೇ. ತೂಕ ನಮಗೆ ತಕ್ಕಡಿಯಿಂದ ಗೊತ್ತು. ತಲೆ ಎಣಿಕೆ ಥರ್ಮಾಮೀಟರ್‌ನಿಂದ ಗೊತ್ತಾಗುತ್ತದೆ. ತೂಕವನ್ನು ಎಣಿಕೆಯಿಂದ ಭಾಗಿಸಿದರೆ ಒಂದು ಮೋಲಿನ ತೂಕ ಸಿಕ್ಕಿತು.

ಈಗ ಸೂತ್ರ ಮರೆತು ಲೆಕ್ಕ ಮಾಡೋಣ. ಬೆಂಜೀನ್‌ನ Kf 5.12 ಅಂದರೆ ಅರ್ಥ ಇಷ್ಟೇ: ಒಂದು ಕೆಜಿ ಬೆಂಜೀನ್‌ನಲ್ಲಿ ಒಂದು ಮೋಲ್ ಕಣಗಳಿದ್ದರೆ ಘನೀಕರಣ ಬಿಂದು 5.12 ಡಿಗ್ರಿ ಇಳಿಯುತ್ತದೆ ಎಂಬ ದರ. ನಮ್ಮ ಲೆಕ್ಕದಲ್ಲಿ ಇಳಿದದ್ದು 5.50 ಕಳೆಯುವ 4.22, ಅಂದರೆ 1.28. ಇದು 5.12ರ ಕಾಲು ಭಾಗ. ಹಾಗಾದರೆ ಕೆಜಿಗೆ ಕಾಲು ಮೋಲ್ ಇದೆ. ನಾವು ತೆಗೆದುಕೊಂಡದ್ದು ಕೆಜಿ ಅಲ್ಲ, 50 ಗ್ರಾಂ, ಕೆಜಿಯ ಇಪ್ಪತ್ತನೇ ಒಂದು ಪಾಲು. ಕಾಲನ್ನು ಇಪ್ಪತ್ತರಿಂದ ಭಾಗಿಸಿದರೆ 0.0125 ಮೋಲ್. ಇಷ್ಟು ಮೋಲಿನ ತೂಕ 1.60 ಗ್ರಾಂ. ಒಂದು ಮೋಲಿಗೆ 1.60 ಭಾಗಿಸು 0.0125, ಅಂದರೆ 128 ಗ್ರಾಂ.

ಮುಗಿಯಿತು, ಅಲ್ವಾ? ಪುಸ್ತಕದ ಸೂತ್ರ ಇದೇ ತ್ರೈರಾಶಿಯನ್ನು ಒಂದೇ ಸಾಲಿಗೆ ಮಡಚಿಟ್ಟದ್ದು:

```
M2 = (Kf × w2 × 1000) / (ΔTf × w1)
   = (5.12 × 1.60 × 1000) / (1.28 × 50.0)
   = 8192 / 64
   = 128 g/mol
```

ಇಲ್ಲಿ M2 ದ್ರಾವ್ಯದ ಮೋಲಾರ್ ರಾಶಿ, ΔTf ಘನೀಕರಣ ಬಿಂದುವಿನ ಇಳಿಕೆ. w2 ದ್ರಾವ್ಯದ ತೂಕ, w1 ದ್ರಾವಕದ ತೂಕ, ಎರಡೂ ಗ್ರಾಂನಲ್ಲಿ. 1000 ಬಂದಿರುವುದು ಗ್ರಾಂ ಅನ್ನು ಕೆಜಿಗೆ ತರಲು. ಸೂತ್ರ ಬಾಯಿಪಾಠ ಮಾಡುವವರಿಗೆ w1 ಮೇಲೋ ಕೆಳಗೋ ಅನ್ನುವ ಗೊಂದಲ ಸದಾ ಇರುತ್ತದೆ. ತ್ರೈರಾಶಿಯಲ್ಲಿ ಹೋದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ನನ್ನ ಕೇಳಿದರೆ ಪರೀಕ್ಷೆಯಲ್ಲಿ ಸೂತ್ರ ಬರೆಯಲಿ, ರಫ್ ಹಾಳೆಯಲ್ಲಿ ತ್ರೈರಾಶಿ ಮಾಡಿಕೊಳ್ಳಲಿ.

ಅಣುಸೂತ್ರಕ್ಕೆ ಬರೋಣ. ನೂರು ಗ್ರಾಂನಲ್ಲಿ ಕಾರ್ಬನ್ 93.75 ಗ್ರಾಂ, 12ರಿಂದ ಭಾಗಿಸಿದರೆ 7.81. ಹೈಡ್ರೋಜನ್ 6.25 ಗ್ರಾಂ, 1ರಿಂದ ಭಾಗಿಸಿದರೆ 6.25. ಈ ಎರಡರ ಅನುಪಾತ 1.25ಕ್ಕೆ 1, ಅಂದರೆ 5ಕ್ಕೆ 4. ಸರಳ ಸೂತ್ರ C₅H₄, ತೂಕ 64. ನಮಗೆ ಸಿಕ್ಕ 128 ಅದರ ಎರಡರಷ್ಟು. ಹಾಗಾಗಿ C₁₀H₈. ಬೀರುವಿನ ಸೀರೆ ಮಡಿಕೆಗಳ ನಡುವೆ ಇಡುತ್ತಿದ್ದ ಬಿಳಿ ನುಸಿ ಗುಳಿಗೆ ಇದೆಯಲ್ಲ, ಅದರ ನ್ಯಾಫ್ತಲೀನ್.

ಇಂಥ ಲೆಕ್ಕಗಳಲ್ಲಿ ಈ ಶೇಕಡಾ ಭಾಗ ಒಳಗಡೆಯೇ ಕಟ್ಟಿಟ್ಟ ತಾಳೆ. ಮೋಲಾರ್ ರಾಶಿಯನ್ನು ಸರಳ ಸೂತ್ರದ ತೂಕದಿಂದ ಭಾಗಿಸಿದಾಗ ಪೂರ್ಣ ಸಂಖ್ಯೆ ಅಥವಾ ಅದಕ್ಕೆ ಬಹಳ ಹತ್ತಿರದ್ದು ಬರಬೇಕು. ಅರ್ಧ ಅಣು, ಮುಕ್ಕಾಲು ಅಣು ಅಂತ ಇರುವುದಿಲ್ಲ. ಈ ತಾಳೆ ಯಾವ ತಪ್ಪನ್ನು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಅಂತ ನೋಡುವುದು ಮಜವಾಗಿದೆ.

ಅವಸರದಲ್ಲಿ 4.22 ಅನ್ನೇ ಇಳಿಕೆ ಅಂದುಕೊಂಡರೆ? 8192 ಭಾಗಿಸು 211, ಸುಮಾರು 38.8. ಇದನ್ನು 64ರಿಂದ ಭಾಗಿಸಿದರೆ 0.6. ತಪ್ಪು ಸಿಕ್ಕಿಬಿತ್ತು. ಇನ್ನೊಂದು ಹಳೇ ಚಟ, ಉಷ್ಣತೆ ಕಂಡ ತಕ್ಷಣ 273 ಕೂಡುವುದು. 1.28ಕ್ಕೆ 273 ಕೂಡಿದರೆ ಮೋಲಾರ್ ರಾಶಿ 0.6 ಗ್ರಾಂ ಬರುತ್ತದೆ. ಹೈಡ್ರೋಜನ್ ಪರಮಾಣುವಿಗಿಂತ ಹಗುರವಾದ ಹೈಡ್ರೋಕಾರ್ಬನ್! ಇಳಿಕೆ ಅನ್ನುವುದು ಎರಡು ಉಷ್ಣತೆಗಳ ನಡುವಿನ ಅಂತರ, ಸೆಲ್ಸಿಯಸ್‌ನಲ್ಲಿ ಕಳೆದರೂ ಕೆಲ್ವಿನ್‌ನಲ್ಲಿ ಕಳೆದರೂ ಅದೇ 1.28. ಫೋಟೋದಲ್ಲಿ 1.60ರ ಚುಕ್ಕೆ ಒಂದು ಮನೆ ಜರುಗಿ 16.0 ಅಂತ ಕಂಡರೆ ಉತ್ತರ 1280 ಆಗುತ್ತದೆ. 64ರಿಂದ ಭಾಗಿಸಿದರೆ ಸರಿಯಾಗಿ 20! ಇಲ್ಲಿ ತಾಳೆ ಮೋಸ ಮಾಡಿತು, ಆದರೆ C₁₀₀H₈₀ ಅನ್ನುವುದನ್ನು ಕಂಡ ಯಾರಾದರೂ ಒಮ್ಮೆ ನಿಲ್ಲುತ್ತಾರೆ.

50 ಗ್ರಾಂ ಅನ್ನುವುದು ಬೆಂಜೀನ್‌ನ ತೂಕವೋ, ಇಡೀ ದ್ರಾವಣದ ತೂಕವೋ ಅನ್ನುವುದೂ ನೆರಳಿನಲ್ಲಿ ಮುಚ್ಚಿಹೋಗಬಹುದು. ದ್ರಾವಣದ್ದಾದರೆ ಬೆಂಜೀನ್ 48.4 ಗ್ರಾಂ ಮಾತ್ರ, ಉತ್ತರ ಸುಮಾರು 132. ಇದನ್ನು 64ರಿಂದ ಭಾಗಿಸಿದರೆ 2.07. ಎರಡಕ್ಕೆ ಸಾಕಷ್ಟು ಹತ್ತಿರ, ಹಾಗಾಗಿ ಅಣುಸೂತ್ರ ಸರಿಯಾಗೇ ಬರುತ್ತದೆ. ಮೋಲಾರ್ ರಾಶಿ ಮಾತ್ರ ತಪ್ಪು, ಆ ಒಂದು ಅಂಕ ಯಾಕೆ ಹೋಯಿತು ಅಂತ ತಿಳಿಯುವುದೇ ಇಲ್ಲ.

ಇನ್ನು ನಮ್ಮ ಹುಡುಗಿಯ 63.25. 64ರಿಂದ ಭಾಗಿಸಿದರೆ 0.99. ತಾಳೆ ಪಾಸು ಮಾಡಿಬಿಟ್ಟಿತು. ಕಾರಣ ಸುಮ್ನೆ ಕಾಕತಾಳೀಯ: ಬೆಂಜೀನ್‌ನ ಎರಡು ಸ್ಥಿರಾಂಕಗಳಲ್ಲಿ ಒಂದು ಇನ್ನೊಂದರ ಹೆಚ್ಚೂಕಡಿಮೆ ಅರ್ಧ. ನ್ಯಾಫ್ತಲೀನ್ ಅಣು ಸರಳ ಸೂತ್ರದ ಎರಡರಷ್ಟು. ಅರ್ಧದ ತಪ್ಪು, ಎರಡರ ಗುಣಕ, ಎರಡೂ ಸೇರಿ ಒಂದಾದವು. ಬೇರೆ ದ್ರಾವಕವಾಗಿದ್ದರೆ ಈ ತಪ್ಪು ಎದ್ದು ಕಾಣುತ್ತಿತ್ತು. ನೀರಿನಲ್ಲಿ Kf 1.86, Kb 0.52, ಅದಲುಬದಲಾದರೆ ಮೂರೂವರೆ ಪಟ್ಟು ವ್ಯತ್ಯಾಸ.

ಹಾಗಾದರೆ ಮಸುಕಾದ ಫೋಟೋದಲ್ಲಿ f ಯಾವುದು ಅಂತ ತಿಳಿಯುವುದು ಹೇಗೆ? 5.12 ನೆನಪಿದ್ದರೆ ಸರಿ. ಇಲ್ಲದಿದ್ದರೆ ಆ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ಯೋಚಿಸಬೇಕು. Kf ದ್ರಾವಕದ ಸ್ವಂತ ಗುಣ. ಅದು ಘನೀಕರಣ ಉಷ್ಣತೆಯ ವರ್ಗವನ್ನು ಕರಗುವ ಶಾಖದಿಂದ ಭಾಗಿಸಿದ್ದಕ್ಕೆ ಅನುಪಾತದಲ್ಲಿರುತ್ತದೆ. Kb ಕೂಡ ಹಾಗೇ, ಅಲ್ಲಿ ಕುದಿಯುವ ಉಷ್ಣತೆ ಮತ್ತು ಆವಿಯಾಗುವ ಶಾಖ. ಒಂದು ಮೋಲ್ ಬೆಂಜೀನ್ ಕರಗಿಸಲು ಸುಮಾರು 10 ಕಿಲೋಜೂಲ್ ಸಾಕು, ಅದನ್ನು ಆವಿ ಮಾಡಲು ಸುಮಾರು 31 ಕಿಲೋಜೂಲ್ ಬೇಕು. ಕುದಿಯುವ ಉಷ್ಣತೆ ಜಾಸ್ತಿ ಇರುವುದು ನಿಜ, ಆದರೆ ಕೆಲ್ವಿನ್‌ನಲ್ಲಿ ಅದು 278.7ರ ಬದಲು 353 ಅಷ್ಟೇ, ವರ್ಗ ಮಾಡಿದರೂ ಒಂದೂವರೆ ಪಟ್ಟಿಗಿಂತ ಸ್ವಲ್ಪ ಮೇಲೆ. ಕೆಳಗಿರುವ ಶಾಖ ಮೂರು ಪಟ್ಟು. ಹಾಗಾಗಿ Kf ದೊಡ್ಡದು. ಪಠ್ಯದಲ್ಲಿ ಬರುವ ಬಹುಪಾಲು ದ್ರಾವಕಗಳಲ್ಲಿ ಇದೇ ಕಥೆ: ಎರಡು K ಕೊಟ್ಟು ಅಕ್ಷರ ಕಾಣದಿದ್ದರೆ ದೊಡ್ಡದು f. ಈಥರ್ ಮಾತ್ರ ಹಠಮಾರಿ, ಅದರ Kb 2.02, Kf 1.79. ಪರೀಕ್ಷೆಯಲ್ಲಿ ಈಥರ್ ಕೊಟ್ಟು ಹೆಪ್ಪುಗಟ್ಟಿಸಿ ಅನ್ನುವವರು ಅಪರೂಪ, ಅದು ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ.

ಪ್ರಶ್ನೆ ಹಾಳೆಯಲ್ಲಿ 4.22 ಅನ್ನುವುದು ಅಚ್ಚಾಗಿ ಬಂದಿರುತ್ತದೆ. ಲ್ಯಾಬ್‌ನಲ್ಲಿ ಅದು ಅಷ್ಟು ಸುಲಭವಾಗಿ ಕೈಗೆ ಬರುವುದಿಲ್ಲ. ದ್ರಾವಣ ಇರುವ ಗಾಜಿನ ಕೊಳವೆಯನ್ನು ಮಂಜುಗಡ್ಡೆಯ ತೊಟ್ಟಿಯಲ್ಲಿ ಇಟ್ಟು, ಕಲಕುತ್ತಾ ಪ್ರತಿ ಅರ್ಧ ನಿಮಿಷಕ್ಕೆ ಉಷ್ಣತೆ ಬರೆದುಕೊಳ್ಳುತ್ತಾ ಹೋಗಬೇಕು. 4.22ಕ್ಕೆ ಬಂದ ಕೂಡಲೇ ಹರಳು ಹುಟ್ಟುವುದಿಲ್ಲ. ಅದು ಹಾಗೇ ದ್ರವವಾಗಿ 3.6ರವರೆಗೆ ಇಳಿಯಬಹುದು. ಆಮೇಲೆ ಥಟ್ಟನೆ ಹರಳು ಮೂಡುತ್ತದೆ, ಶಾಖ ಹೊರಬರುತ್ತದೆ, ಪಾದರಸ ಮೇಲೆ ಹತ್ತುತ್ತದೆ. ಇದಕ್ಕೆ ಅತಿಶೀತಲೀಕರಣ ಅಂತ ದೊಡ್ಡ ಹೆಸರಿದೆ. ಯಾರಾದರೂ ಆ ಕೆಳಗಿನ 3.6 ಅನ್ನೇ ಘನೀಕರಣ ಬಿಂದು ಅಂತ ಬರೆದರೆ ಇಳಿಕೆ 1.90, ಮೋಲಾರ್ ರಾಶಿ 86. 64ರಿಂದ ಭಾಗಿಸಿದರೆ 1.35, ತಾಳೆ ಹಿಡಿದುಕೊಟ್ಟಿತು.

ಪಾದರಸ ಮೇಲೆ ಹತ್ತಿ ನಿಂತ ಜಾಗ ಕೂಡ ಪೂರ್ತಿ ನಂಬಿಕಸ್ಥ ಅಲ್ಲ. ಶುದ್ಧ ಬೆಂಜೀನ್ ಆದರೆ ಹೆಪ್ಪುಗಟ್ಟಿ ಮುಗಿಯುವ ತನಕ ಉಷ್ಣತೆ ಅಲ್ಲೇ ನಿಲ್ಲುತ್ತದೆ, ಗ್ರಾಫಿನಲ್ಲಿ ಗೆರೆ ಮಲಗಿಬಿಡುತ್ತದೆ. ದ್ರಾವಣದಲ್ಲಿ ಹಾಗಿಲ್ಲ. ಬೆಂಜೀನ್ ಹರಳಾಗಿ ಹೋದಷ್ಟೂ ಉಳಿದ ದ್ರವದಲ್ಲಿ ದ್ರಾವ್ಯದ ಪಾಲು ಹೆಚ್ಚುತ್ತದೆ, ಅದರ ಘನೀಕರಣ ಬಿಂದು ಇನ್ನೂ ಇಳಿಯುತ್ತದೆ, ಗೆರೆ ಇಳಿಜಾರಾಗಿ ಸಾಗುತ್ತದೆ. ನಮಗೆ ಬೇಕಾದ್ದು ಮೊದಲ ಹರಳು ಮೂಡುವ ಉಷ್ಣತೆ. ಆ ಇಳಿಜಾರು ಗೆರೆಯನ್ನು ಹಿಂದಕ್ಕೆ ಎಳೆದು, ತಣಿಯುವ ಮೊದಲ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಓದಬೇಕು. ಶುದ್ಧ ಬೆಂಜೀನ್‌ನ ಬಿಂದುವನ್ನೂ ಪುಸ್ತಕದಿಂದ ತೆಗೆದುಕೊಳ್ಳದೆ ಅದೇ ಥರ್ಮಾಮೀಟರ್‌ನಲ್ಲಿ ಓದಿಕೊಳ್ಳಬೇಕು. ಥರ್ಮಾಮೀಟರ್ ಎಲ್ಲ ಕಡೆ ಒಂದೇ ಅಳತೆಗೆ ತಪ್ಪು ತೋರಿಸುತ್ತಿದ್ದರೂ ಕಳೆಯುವಾಗ ಆ ತಪ್ಪು ಹೋಗಿಬಿಡುತ್ತದೆ. ಹಿಂದೆ ಇದಕ್ಕೆಂದೇ ಬೆಕ್‌ಮನ್ ಥರ್ಮಾಮೀಟರ್ ಬಳಸುತ್ತಿದ್ದರು. ಅದರ ಉದ್ದನೆಯ ಕಾಂಡದಲ್ಲಿ ಕೆಲವೇ ಡಿಗ್ರಿ, ಒಂದೊಂದು ಡಿಗ್ರಿಯೂ ನೂರು ಭಾಗ. ನಿಜವಾದ ಉಷ್ಣತೆ ಎಷ್ಟು ಅಂತ ಅದು ಹೇಳುವುದೇ ಇಲ್ಲ, ಅಂತರ ಎಷ್ಟು ಅಂತ ಮಾತ್ರ ಹೇಳುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ 128 ಬಂದೇಬಿಡುತ್ತದೆ ಅಂತಿಲ್ಲ. ಸೂತ್ರ ತೆಳು ದ್ರಾವಣಕ್ಕೆ ಹೊಂದುವ ಅಂದಾಜು. ಇಳಿಕೆ 1.28ರ ಬದಲು 1.26 ಬಂದರೆ ಉತ್ತರ 130. ಒಳ್ಳೆಯ ಪ್ರಯೋಗ ಅಂತಲೇ ಹೇಳಬಹುದು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳ ಎರಡನೇ ಫೋಟೋ ಬಂತು. ಅದೇ ಹಾಳೆಯ ಕೆಳಗಿನ ಲೆಕ್ಕ. 1.22 ಗ್ರಾಂ ಬೆಂಜೋಯಿಕ್ ಆಮ್ಲ, 50 ಗ್ರಾಂ ಬೆಂಜೀನ್, ಇಳಿಕೆ 0.53. ಈ ಸಲ 5.12 ಹಾಕಿದ್ದಾಳೆ. ಉತ್ತರ 236. "ಬೆಂಜೋಯಿಕ್ ಆಮ್ಲ 122 ಅಲ್ವಾ ಮಾಮ? ಈಗ f ಹಾಕಿದ್ರೂ ತಪ್ಪು!"

ತಪ್ಪಾಗಿರಲಿಲ್ಲ. ಥರ್ಮಾಮೀಟರ್ ತಲೆ ಎಣಿಸುತ್ತದೆ ಅಂದೆನಲ್ಲ, ಅದು ತನ್ನ ಕೆಲಸ ಸರಿಯಾಗೇ ಮಾಡಿದೆ. ಬೆಂಜೀನ್‌ನಲ್ಲಿ ಬೆಂಜೋಯಿಕ್ ಆಮ್ಲದ ಅಣುಗಳು ಹೈಡ್ರೋಜನ್ ಬಂಧದಿಂದ ಎರಡೆರಡಾಗಿ ಜೋಡಿಯಾಗುತ್ತವೆ. ಇಬ್ಬರು ತಬ್ಬಿಕೊಂಡು ನಿಂತರೆ ಎಣಿಸುವವನಿಗೆ ಒಬ್ಬರೇ. ಎಲ್ಲ ಬಿಡಿಯಾಗಿ ಇದ್ದಿದ್ದರೆ 0.01 ಮೋಲ್, ಕೆಜಿಗೆ 0.2, ಇಳಿಕೆ 1.024 ಆಗಬೇಕಿತ್ತು. ಆದದ್ದು 0.53. ಈ ಎರಡರ ಅನುಪಾತ 0.5176, ಇದೇ ವ್ಯಾಂಟ್ ಹಾಫ್ ಅಂಶ i. ನೂರು ಅಣುಗಳು ಇದ್ದ ಜಾಗದಲ್ಲಿ ಎಣಿಕೆಗೆ ಸಿಕ್ಕಿದ್ದು 51.76 ಕಣ. ಪ್ರತಿ ಜೋಡಿಗೂ ಒಂದು ತಲೆ ಕಡಿಮೆಯಾಗುತ್ತದೆ, ಹಾಗಾಗಿ ಆಗಿರುವ ಜೋಡಿಗಳು 48.24, ಅದರಲ್ಲಿ ಸೇರಿದ ಅಣುಗಳು ಅದರ ಎರಡರಷ್ಟು, 96.5. ನೂರಕ್ಕೆ 96.5 ಭಾಗ ಜೋಡಿಯಾಗಿವೆ.

ಉಪ್ಪನ್ನು ನೀರಿನಲ್ಲಿ ಹಾಕಿದರೆ ಇದರ ಉಲ್ಟಾ. ಸೋಡಿಯಂ ಒಂದು ಕಡೆ, ಕ್ಲೋರೈಡ್ ಇನ್ನೊಂದು ಕಡೆ ಬಿಡಿಬಿಡಿಯಾಗಿ ತಲೆ ಎರಡಾಗುತ್ತವೆ, ಮೋಲಾರ್ ರಾಶಿ 58.5ರ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕೇ ಮೊದಲನೇ ಲೆಕ್ಕದಲ್ಲಿ ಹೈಡ್ರೋಕಾರ್ಬನ್ ಅನ್ನುವ ಪದ ಸುಮ್ನೆ ಬಂದದ್ದಲ್ಲ. ಹೈಡ್ರೋಕಾರ್ಬನ್‌ಗಳು ಬೆಂಜೀನ್‌ನಲ್ಲಿ ಒಡೆಯುವುದೂ ಇಲ್ಲ, ಜೋಡಿಯಾಗುವುದೂ ಇಲ್ಲ. ಕರಗಿದ ವಸ್ತು ಯಾವ ಜಾತಿಯದ್ದು ಅಂತ ಹೇಳುವ ಆ ಒಂದು ಪದ ಫೋಟೋದಲ್ಲಿ ಕತ್ತರಿಸಿ ಹೋದರೆ, ಬಂದ ಉತ್ತರ ಒಂಟಿ ಅಣುವಿನದ್ದೋ ಜೋಡಿಯದ್ದೋ ಹೇಳಲು ದಾರಿಯಿಲ್ಲ.

"ಹಾಗಾದ್ರೆ ಪ್ರೋಟೀನ್‌ಗೂ ಹೀಗೇ ಮಾಡಬಹುದಾ?" ಅಂತ ಕೇಳಿದಳು. ಅವಳಿಗೇ ಲೆಕ್ಕ ಹಾಕಲು ಹೇಳಿದೆ. 50,000 ತೂಕದ ಅಣು ಅಂತ ಇಟ್ಟುಕೊಳ್ಳೋಣ. ಪ್ರೋಟೀನ್ ಕರಗುವುದು ನೀರಿನಲ್ಲಿ, ಆದ್ದರಿಂದ Kf 1.86. ಒಂದು ಗ್ರಾಂ ಅನ್ನು 50 ಗ್ರಾಂ ನೀರಿಗೆ ಹಾಕಿದರೆ ಕೆಜಿಗೆ 0.0004 ಮೋಲ್. ಐದು ನಿಮಿಷ ಬಿಟ್ಟು ಉತ್ತರ ಬಂತು: "0.00074 ಡಿಗ್ರಿ. ಇದನ್ನ ಯಾವ ಥರ್ಮಾಮೀಟರ್‌ನಲ್ಲಿ ಓದ್ತಾರೆ ಮಾಮ?" ಓದುವುದಿಲ್ಲ. ಅಂಥ ದೊಡ್ಡ ಅಣುಗಳಿಗೆ, ನೀರು ಪೊರೆ ದಾಟಿ ದ್ರಾವಣದೊಳಕ್ಕೆ ನುಗ್ಗುವಾಗ ಹುಟ್ಟುವ ಆಸ್ಮಾಟಿಕ್ ಒತ್ತಡ ಅಳೆಯುತ್ತಾರೆ. ಇದೇ ದ್ರಾವಣ ಕೋಣೆಯ ಉಷ್ಣತೆಯಲ್ಲಿ ಸುಮಾರು 10 ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲದು, ಅದನ್ನು ಶಾಲೆಯ ಸ್ಕೇಲಿನಲ್ಲೇ ಅಳೆಯಬಹುದು.